ಸಂಜೆಯಾದರೆ ಕಣ್ಣು ಮಂಜು, ತಲೆನೋವು: ದಣಿವೋ, ಚಾಳೀಸೋ, ಒಳಗಿನ ಪ್ರೆಶರೋ?

ಬೆಳಗ್ಗೆ ಮಕ್ಕಳ ಶಾಲೆಯ ವಾಟ್ಸಾಪ್ ಗ್ರೂಪ್‌ನಿಂದ ಶುರು. ಆಮೇಲೆ ಕರೆಂಟ್ ಬಿಲ್ಲು, ತರಕಾರಿ ಆರ್ಡರ್, ತವರಿನವರ ಜೊತೆ ವಿಡಿಯೋ ಕಾಲ್. ಮಧ್ಯಾಹ್ನ ಒಂದಿಷ್ಟು ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆಲಸ. ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಆರಿಸಿ, ತಪ್ಪಿಹೋದ ಸೀರಿಯಲ್ಲಿನ ಕಂತು. ದಿನಕ್ಕೆ ಎಷ್ಟು ಗಂಟೆ ಪರದೆ ನೋಡ್ತೀರಿ ಅಂತ ಯಾರಾದರೂ ಕೇಳಿದರೆ ನಿಮಗೇ ಲೆಕ್ಕ ಸಿಗುವುದಿಲ್ಲ, ಅಲ್ವಾ?

ಸಂಜೆ ಆರರ ಹೊತ್ತಿಗೆ ಅಕ್ಷರಗಳು ಮಸುಕಾಗುತ್ತವೆ. ಹುಬ್ಬಿನ ಮೇಲೆ ಯಾರೋ ಒತ್ತಿ ಹಿಡಿದ ಹಾಗೆ ನೋವು. 'ಮೊಬೈಲ್ ನೋಡಿದ್ದು ಜಾಸ್ತಿ ಆಯ್ತು' ಎಂದುಕೊಂಡು ಒಂದು ಮಾತ್ರೆ ನುಂಗಿ ಅಡುಗೆಮನೆಗೆ ನಡೆಯುತ್ತೀರಿ. ಹೆಚ್ಚಿನ ಸಲ ನಿಮ್ಮ ಊಹೆ ಸರಿಯೇ ಇರುತ್ತದೆ. ಆದರೆ ಇದೇ ಎರಡು ತೊಂದರೆಗಳ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಒಂದು ಬರೀ ದಣಿವು, ಇನ್ನೊಂದು ಕನ್ನಡಕ ಬೇಕು ಎಂಬ ಸೂಚನೆ. ಮೂರನೆಯದು ಅಪರೂಪದ್ದು, ಆದರೆ ಅದನ್ನು ದಣಿವು ಅಂತ ಬಿಟ್ಟರೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಮಂಜು ಯಾವಾಗ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ ಎಂಬುದನ್ನು ಗಮನಿಸಿದರೆ ಈ ಮೂರನ್ನೂ ಸ್ವಲ್ಪ ಮಟ್ಟಿಗೆ ನೀವೇ ಬೇರ್ಪಡಿಸಬಹುದು.

ಕಣ್ಣು ಮಿಟುಕಿಸಿದರೆ ಸರಿಹೋಗುತ್ತದೆಯೇ?

ಸುಮ್ಮನೆ ಕೂತು ಮಾತಾಡುವಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪರದೆಯ ಮುಂದೆ ಕೂತಾಗ ಇದು ಐದಾರಕ್ಕೆ ಇಳಿಯಬಹುದು. ಅದೂ ಅರೆಬರೆ ಮಿಟುಕು, ಮೇಲಿನ ರೆಪ್ಪೆ ಕೆಳಗಿನ ರೆಪ್ಪೆಯನ್ನು ಮುಟ್ಟುವುದೇ ಇಲ್ಲ. ಕಣ್ಣಿನ ಮೇಲೆ ಸದಾ ತೆಳುವಾದ ಕಣ್ಣೀರಿನ ಪದರ ಇರಬೇಕು. ಪ್ರತಿ ಮಿಟುಕೂ ಅದನ್ನು ಹೊಸದಾಗಿ ಸವರುತ್ತದೆ. ಸವರುವುದು ತಪ್ಪಿದರೆ ಪದರ ಅಲ್ಲಲ್ಲಿ ಒಣಗಿ ಒಡೆಯುತ್ತದೆ, ನೋಟ ಮಸುಕಾಗುತ್ತದೆ. ಉರಿ, ಮರಳು ಬಿದ್ದ ಹಾಗೆ ಚುಚ್ಚುವುದು, ಕೆಲವರಿಗೆ ಧಾರಾಳ ನೀರು ಸುರಿಯುವುದು ಇವೆಲ್ಲ ಒಣಗಿದ ಕಣ್ಣಿನ ಲಕ್ಷಣಗಳೇ. ನೀರು ಬರ್ತಿದೆ, ಇನ್ನು ಒಣಗೋದೆಲ್ಲಿ ಅಂತ ಕೇಳಬೇಡಿ. ಒಣಗಿದ ಕಣ್ಣು ಕೆರಳಿದಾಗಲೇ ನೀರು ಸುರಿಯುವುದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಈ ತೊಂದರೆ ಇನ್ನೂ ಹೆಚ್ಚು.

ಪರೀಕ್ಷೆ ಸುಲಭ. ಅಕ್ಷರ ಮಂಜಾದ ಕೂಡಲೇ ನಿಧಾನವಾಗಿ, ಪೂರ್ತಿಯಾಗಿ ಐದು ಸಲ ಕಣ್ಣು ಮಿಟುಕಿಸಿ. ಹತ್ತು ಸೆಕೆಂಡ್ ಮುಚ್ಚಿ ತೆರೆಯಿರಿ. ಮಂಜು ಕರಗಿತೇ? ಹಾಗಿದ್ದರೆ ಅದು ಬಹುಮಟ್ಟಿಗೆ ಕಣ್ಣೀರ ಪದರದ ತಾಪತ್ರಯ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಫ್ಯಾನ್, ಎಸಿ ಗಾಳಿ ನೇರವಾಗಿ ಮುಖಕ್ಕೆ ಹೊಡೆಯದಂತೆ ಕುರ್ಚಿ ತಿರುಗಿಸಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದಿರುತ್ತದೆ, ಕಣ್ಣು ಬೇಗ ಒಣಗುವುದಿಲ್ಲ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ 20 ಅಡಿ ಆಚೆ, ಅಂದರೆ ಎದುರು ಮನೆಯ ಗೇಟನ್ನೋ ತೆಂಗಿನ ಮರವನ್ನೋ 20 ಸೆಕೆಂಡ್ ನೋಡಿ. ಅಷ್ಟಕ್ಕೂ ಸಾಲದಿದ್ದರೆ ಕಣ್ಣಿಗೆ ತೇವ ಕೊಡುವ ಡ್ರಾಪ್ಸ್ ಇವೆ, ವೈದ್ಯರನ್ನು ಕೇಳಿ ಹಾಕಿಕೊಳ್ಳಿ. ಎರಡು ವಾರ ಇಷ್ಟು ಮಾಡಿದರೆ ದಣಿದ ಕಣ್ಣು ಸುಧಾರಿಸಲೇಬೇಕು. ಸುಧಾರಿಸದಿದ್ದರೆ ಬೇರೆ ಕಾರಣ ಹುಡುಕಬೇಕು.

ಬ್ಲೂ ಕಟ್ ಗ್ಲಾಸ್ ಹಾಕಿದರೆ ಎಲ್ಲ ಸರಿಹೋಗುತ್ತದಂತೆ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. 17 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ವಿಮರ್ಶೆ 2023ರಲ್ಲಿ ಪ್ರಕಟವಾಯಿತು. ಸಾಮಾನ್ಯ ಗಾಜಿಗೆ ಹೋಲಿಸಿದರೆ ಈ ಗಾಜಿನಿಂದ ಕಣ್ಣಿನ ದಣಿವು ಕಡಿಮೆಯಾಗುವುದು ಅದರಲ್ಲಿ ಕಂಡುಬರಲಿಲ್ಲ. ಹೆಚ್ಚಿನ ದುಡ್ಡು ಕೊಡುವ ಮುಂಚೆ ಇದು ಗೊತ್ತಿರಲಿ.

ದೂರ ಹಿಡಿದರೆ ಸ್ಪಷ್ಟವಾಗುತ್ತದೆಯೇ?

ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತೀರಾ? ಮಾತ್ರೆಯ ಹಾಳೆಯ ಮೇಲಿನ ತಾರೀಖು ಓದಲು ಕೈಯನ್ನು ಉದ್ದಕ್ಕೆ ಚಾಚುತ್ತೀರಾ? ಹಾಗಾದರೆ ನಮ್ಮ ಹಿರಿಯರು ಹೇಳುತ್ತಿದ್ದ 'ಚಾಳೀಸು' ಬಂದಿದೆ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಗಟ್ಟಿಯಾಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. 40ರ ಆಸುಪಾಸಿನಲ್ಲಿ ಇದು ಎಲ್ಲರಿಗೂ ಬರುವಂಥದ್ದು, ಕಾಯಿಲೆಯಲ್ಲ. ಮೊದಲು ಪ್ಲಸ್ 1ರಷ್ಟು ಸಾಕಾಗುವ ನಂಬರು 50ರ ಹೊತ್ತಿಗೆ ಪ್ಲಸ್ 2ರ ಹತ್ತಿರ ಬರುತ್ತದೆ.

ಪರದೆಯ ಮುಂದೆ ಕೂರುವವರಿಗೆ ಇದು ತಲೆನೋವಾಗಿ ಕಾಣುವುದು ಹೀಗೆ. ಫೋನನ್ನು ನಾವು ಒಂದಡಿ ದೂರದಲ್ಲಿ ಹಿಡಿಯುತ್ತೇವೆ. ಅಷ್ಟು ಹತ್ತಿರಕ್ಕೆ ನೋಟ ಹಿಡಿದಿಡಲು ಕಣ್ಣಿನೊಳಗಿನ ಪುಟ್ಟ ಸ್ನಾಯು ಗಂಟೆಗಟ್ಟಲೆ ಹೆಣಗಬೇಕು. ಸಂಜೆಯ ಹೊತ್ತಿಗೆ ಅದು ಸೋಲುತ್ತದೆ. ಹುಬ್ಬು, ಹಣೆ ಭಾರವಾಗುತ್ತದೆ. ಫೋನಿನಿಂದ ಕಣ್ಣೆತ್ತಿ ಗೋಡೆ ಗಡಿಯಾರ ನೋಡಿದರೆ ಒಂದು ಕ್ಷಣ ಅದೂ ಮಸುಕು. ಇಂಥ ನೋವು ಹತ್ತಿರದ ಕೆಲಸವನ್ನು ಹಿಂಬಾಲಿಸಿಯೇ ಬರುತ್ತದೆ. ಮದುವೆಗೆಂದು ಊರಿಗೆ ಹೋಗಿ ನಾಲ್ಕು ದಿನ ಫೋನ್ ಮುಟ್ಟದೇ ಇದ್ದರೆ ನೋವೂ ಇರುವುದಿಲ್ಲ.

ಚಿಕ್ಕಂದಿನಿಂದಲೇ ಸ್ವಲ್ಪ ಪ್ಲಸ್ ಪವರ್ ಇದ್ದವರಿಗೆ ಈ ಕಷ್ಟ 40ಕ್ಕೂ ಮೊದಲೇ ಶುರು. ವಯಸ್ಸಿನ ಬಲದಿಂದ ಅವರ ಕಣ್ಣು ಇಷ್ಟು ವರ್ಷ ಆ ಕೊರತೆಯನ್ನು ಮುಚ್ಚಿಕೊಂಡು ಬಂದಿರುತ್ತದೆ, ಹಾಗಾಗಿ 'ನನಗೆ ಯಾವತ್ತೂ ಕನ್ನಡಕ ಬೇಕಾಗಿಲ್ಲ' ಎನ್ನುತ್ತಿರುತ್ತಾರೆ. ಈ ಪ್ಲಸ್ ಪವರ್ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಯಲ್ಲಿ ಮಾಡಬಹುದಾದ ಇನ್ನೊಂದು ಪರೀಕ್ಷೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಪಿನ್ನಿನಿಂದ ಒಂದು ತೂತು ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಂದ ತೂತಿನ ಮೂಲಕ ಮಸುಕಾದ ಅಕ್ಷರ ನೋಡಿ. ಸ್ಪಷ್ಟವಾಗಿ ಕಂಡರೆ ದೋಷ ಬಹುಮಟ್ಟಿಗೆ ನಂಬರಿನದು, ಕನ್ನಡಕದಿಂದ ಸರಿಹೋಗುವಂಥದ್ದು. ಎರಡು ಕಣ್ಣನ್ನೂ ಬೇರೆ ಬೇರೆಯಾಗಿ ನೋಡುವುದನ್ನು ಮರೆಯಬೇಡಿ. ಒಂದು ಕಣ್ಣು ಕೆಟ್ಟಿದ್ದರೂ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ.

ಕನ್ನಡಕ ಮಾಡಿಸಲು ಹೋಗುವಾಗ ಒಂದು ಕೆಲಸ ಮಾಡಿ. ಹೊಲಿಗೆಯ ಟೇಪ್ ಹಿಡಿದು ನಿಮ್ಮ ಕಣ್ಣಿನಿಂದ ಲ್ಯಾಪ್‌ಟಾಪ್ ಎಷ್ಟು ಇಂಚು, ಫೋನ್ ಎಷ್ಟು ಇಂಚು ಅಂತ ಅಳೆದು ಬರೆದುಕೊಂಡು ಹೋಗಿ. ಪುಸ್ತಕ ಓದಲು ಕೊಡುವ ನಂಬರು ಸುಮಾರು 14ರಿಂದ 16 ಇಂಚಿಗೆ ಹೊಂದುವಂಥದ್ದು. ಲ್ಯಾಪ್‌ಟಾಪ್ 22 ಇಂಚು ದೂರದಲ್ಲಿದ್ದರೆ ಅದೇ ಕನ್ನಡಕದಲ್ಲಿ ಅದು ಮಸುಕಾಗಿ ಕಾಣಬಹುದು. ಆಗ ನೀವು ಮುಂದಕ್ಕೆ ಬಾಗುತ್ತೀರಿ, ಕತ್ತು ಹಿಡಿಯುತ್ತದೆ, ಹೊಸ ಕನ್ನಡಕ ಬಂದ ಮೇಲೂ ತಲೆನೋವು ಹೋಗುವುದಿಲ್ಲ. ತಪ್ಪು ಕಣ್ಣಿನದಲ್ಲ, ಅಳತೆಯದು.

ಕಣ್ಣಿನೊಳಗೂ ಒಂದು ಸಿಂಕ್ ಇದೆ

ಈಗ ಮೂರನೆಯದು. ಕಣ್ಣಿನ ಪ್ರೆಶರ್ ಅಂದರೆ ಬಿಪಿ ಅಲ್ಲ. ಬಿಪಿ ನಾರ್ಮಲ್ ಇದ್ದವರಿಗೂ ಕಣ್ಣಿನ ಪ್ರೆಶರ್ ಹೆಚ್ಚಿರಬಹುದು.

ನಿಮ್ಮ ಅಡುಗೆಮನೆಯ ಸಿಂಕ್ ನೆನೆಸಿಕೊಳ್ಳಿ. ಕಣ್ಣಿನೊಳಗೆ ಸದಾ ಒಂದು ನಲ್ಲಿ ಸಣ್ಣಗೆ ತಿಳಿನೀರು ಬಿಡುತ್ತಿರುತ್ತದೆ. ಅಷ್ಟೇ ನೀರು ಒಂದು ಜಾಲರಿಯ ಮೂಲಕ ಹೊರಗೆ ಹೋಗುತ್ತಿರಬೇಕು. ಆ ಜಾಲರಿ ಇರುವುದು ಕಣ್ಣಿನ ಮುಂದಿನ ಗಾಜಿನಂಥ ಪದರ ಮತ್ತು ಬಣ್ಣದ ಪರದೆ ಸೇರುವ ಮೂಲೆಯಲ್ಲಿ. ನೀರು ಬರುವುದೂ ಹೋಗುವುದೂ ಸಮನಾಗಿದ್ದರೆ ಪ್ರೆಶರ್ ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ.

ಸಿಂಕ್ ಕಟ್ಟಿಕೊಳ್ಳುವುದು ಎರಡು ರೀತಿಯಲ್ಲಿ. ಒಂದು, ಜಾಲರಿಯೇ ವರ್ಷಗಟ್ಟಲೆ ಜಿಡ್ಡು ಹಿಡಿದ ಹಾಗೆ ನಿಧಾನ ಕಟ್ಟಿಕೊಳ್ಳುವುದು. ಇನ್ನೊಂದು, ಜಾಲರಿ ಚೆನ್ನಾಗಿಯೇ ಇದ್ದು ಅದರ ಮೇಲೆ ತಟ್ಟೆಯೊಂದು ಜಾರಿ ಕೂತು ದಾರಿ ಮುಚ್ಚುವುದು.

ಮೊದಲನೆಯದು ಹೆಚ್ಚಾಗಿ ಕಾಣುವ ಗ್ಲಾಕೋಮಾ. ಅದರಲ್ಲಿ ನೋವಿಲ್ಲ, ಮಂಜಿಲ್ಲ, ತಲೆನೋವೂ ಇಲ್ಲ. ಪ್ರೆಶರ್ ನಿಧಾನವಾಗಿ ಏರುವುದರಿಂದ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅಂಚಿನ ನೋಟ ಸದ್ದಿಲ್ಲದೆ ಸವೆಯುತ್ತದೆ. ನಿಮ್ಮ ಸಂಜೆಯ ತಲೆನೋವಿಗೆ ಕಾರಣ ಇದಲ್ಲ. ಆದರೆ ತಲೆನೋವಿಲ್ಲ ಎಂದ ಮಾತ್ರಕ್ಕೆ ಇದು ಇಲ್ಲವೆಂದೂ ಅಲ್ಲ. ಇದನ್ನು ಪತ್ತೆ ಮಾಡುವುದು ತಪಾಸಣೆಯಿಂದ ಮಾತ್ರ.

ತಲೆನೋವಿನ ರೂಪದಲ್ಲಿ ಬರುವುದು ಎರಡನೆಯದು, ಮೂಲೆ ಮುಚ್ಚುವ ಗ್ಲಾಕೋಮಾ. ಕೆಲವರ ಕಣ್ಣಿನಲ್ಲಿ ಆ ಮೂಲೆ ಹುಟ್ಟಿನಿಂದಲೇ ಕಿರಿದು. ಪ್ಲಸ್ ಪವರ್ ಇದ್ದವರ ಕಣ್ಣು ಗಾತ್ರದಲ್ಲಿ ಚಿಕ್ಕದು, ಆದ್ದರಿಂದ ಅವರಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಯುರೋಪಿನವರಿಗಿಂತ ನಮ್ಮ ಏಷ್ಯಾದವರಲ್ಲಿ ಹೆಚ್ಚು. 40 ದಾಟಿದಂತೆ ಒಳಗಿನ ಮಸೂರ ದಪ್ಪವಾಗಿ ಜಾಗ ಇನ್ನಷ್ಟು ಇಕ್ಕಟ್ಟಾಗುತ್ತದೆ.

ಇಂಥವರು ಕತ್ತಲೆಯಲ್ಲಿ ಕೂತಾಗ ಏನಾಗುತ್ತದೆ ನೋಡಿ. ಬೆಳಕು ಕಡಿಮೆಯಾದರೆ ಪಾಪೆ ಹಿಗ್ಗುತ್ತದೆ. ಹಿಗ್ಗಿದಾಗ ಬಣ್ಣದ ಪರದೆ ಮಡಿಕೆಯಾಗಿ ಮೂಲೆಗೆ ಸರಿದು ಜಾಲರಿಯನ್ನು ಮುಚ್ಚಬಹುದು. ನೀರು ನಿಂತು ಪ್ರೆಶರ್ ಏರುತ್ತದೆ, ಮುಂದಿನ ಪದರಕ್ಕೆ ನೀರು ಕೂತು ನೋಟ ಮಂಜಾಗುತ್ತದೆ. ಆಗ ದೀಪ ನೋಡಿದರೆ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರ ಕಾಣುತ್ತದೆ. ಹುಬ್ಬಿನ ಮೇಲೆ ನೋವು, ಹೆಚ್ಚಾಗಿ ಒಂದೇ ಕಡೆ. ನಿದ್ದೆ ಮಾಡಿದರೆ ಪಾಪೆ ಕುಗ್ಗಿ ದಾರಿ ಬಿಡುತ್ತದೆ, ಬೆಳಗ್ಗೆ ಏನೂ ಆಗದ ಹಾಗೆ ಕಣ್ಣು ಸರಿ. ನೀವು ಅಂದುಕೊಳ್ಳುವುದು 'ಮೊಬೈಲ್ ನೋಡಿದ್ದಕ್ಕೇ ಆಗಿತ್ತು, ಮಲಗಿದೆ, ಹೋಯ್ತು' ಅಂತ.

ಪರದೆಯಿಂದ ಗ್ಲಾಕೋಮಾ ಬರುತ್ತದೆ ಎಂದು ಇದರ ಅರ್ಥವಲ್ಲ. ಮೂಲೆ ಕಿರಿದಾಗಿರುವವರಿಗೆ ಕತ್ತಲಲ್ಲಿ ತಲೆ ಬಗ್ಗಿಸಿ ಗಂಟೆಗಟ್ಟಲೆ ಫೋನ್ ನೋಡುವುದು ಅಪಾಯಕ್ಕೆ ದಾರಿ ಮಾಡಿಕೊಡಬಹುದು, ಅಷ್ಟೇ.

ಒಬ್ಬರದೇ ಕಣ್ಣು, ಮೂರೂ ಕಾರಣ

46ರ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಿ. ಯಾವತ್ತೂ ಕನ್ನಡಕ ಹಾಕಿದವರಲ್ಲ. ಹಗಲು ಆನ್‌ಲೈನ್‌ನಲ್ಲಿ ಮಕ್ಕಳಿಗೆ ಪಾಠ, ರಾತ್ರಿ ದೀಪ ಆರಿಸಿ ಮೊಬೈಲಿನಲ್ಲಿ ಸೀರಿಯಲ್. ಆರು ತಿಂಗಳಿಂದ ತಲೆನೋವು. ಬ್ಲೂ ಕಟ್ ಗ್ಲಾಸ್ ತಂದರು, ಗುಣವಿಲ್ಲ. ವಾಂತಿ ಬಂದ ಹಾಗಾಗುವುದರಿಂದ ಮನೆಯವರೆಲ್ಲ 'ಪಿತ್ತದ ತಲೆನೋವು' ಎಂದರು, ಶುಂಠಿ ಕಷಾಯವೂ ಆಯಿತು.

ಕಣ್ಣಿನ ವೈದ್ಯರು ಕೂರಿಸಿಕೊಂಡು ಕೇಳಿದಾಗ ನೋವು ಎರಡು ಬಗೆಯದು ಎಂದು ಗೊತ್ತಾಗುತ್ತದೆ. ಪಾಠ ಮುಗಿದ ಮೇಲೆ ಎರಡೂ ಹುಬ್ಬಿನ ಮೇಲೆ ಭಾರ, ಕಣ್ಣುರಿ. ಇದು ದಿನಾ ಬರುವುದು. ಇನ್ನೊಂದು ವಾರಕ್ಕೆ ಒಂದೆರಡು ರಾತ್ರಿ ಮಾತ್ರ, ಬಲಗಣ್ಣಿನ ಮೇಲೆ, ಸೀರಿಯಲ್ ನೋಡುವಾಗ. ಅಂಥ ರಾತ್ರಿ ಬಾಲ್ಕನಿಗೆ ಬಂದರೆ ಬೀದಿದೀಪದ ಸುತ್ತ ಬಣ್ಣದ ಬಳೆ ತೊಡಿಸಿದ ಹಾಗೆ ಕಾಣುತ್ತದೆ. ಕಣ್ಣು ಮಿಟುಕಿಸಿದರೂ ಹೋಗುವುದಿಲ್ಲ.

ಗಾಳಿ ಊದುವ ಯಂತ್ರದಲ್ಲಿ ಪ್ರೆಶರ್ ನೋಡಿದರೆ 18. ಎಲ್ಲ ನಾರ್ಮಲ್! ಇಲ್ಲಿಗೇ ನಿಲ್ಲಿಸಿದ್ದರೆ ಅವರು ಮನೆಗೆ ಹೋಗಿ ಮತ್ತದೇ ಮಾತ್ರೆ ನುಂಗುತ್ತಿದ್ದರು. ಆದರೆ ಪರೀಕ್ಷೆ ನಡೆದದ್ದು ಬೆಳಗ್ಗೆ ಹನ್ನೊಂದಕ್ಕೆ, ಮೂಲೆ ತೆರೆದಿದ್ದಾಗ. ನೋವಿಲ್ಲದ ಹೊತ್ತಿನಲ್ಲಿ ಪ್ರೆಶರ್ ಸರಿಯಾಗಿಯೇ ಇರಬಹುದು. ಆದ್ದರಿಂದ ವೈದ್ಯರು ಮರಗಟ್ಟಿಸುವ ಹನಿ ಹಾಕಿ, ಸಣ್ಣ ಕನ್ನಡಿಗಳಿರುವ ಲೆನ್ಸನ್ನು ಕಣ್ಣಿಗೆ ತಾಗಿಸಿ ಆ ಮೂಲೆಯನ್ನೇ ನೋಡುತ್ತಾರೆ. ಇದರ ಹೆಸರು ಗೋನಿಯೋಸ್ಕೋಪಿ, ಕೆಲವೇ ನಿಮಿಷದ ಕೆಲಸ. ಎರಡೂ ಕಣ್ಣಿನ ಮೂಲೆ ಕಿರಿದು, ಬಲಗಣ್ಣಿನಲ್ಲಿ ಪರದೆ ಜಾಲರಿಗೆ ಅಂಟಿದ್ದ ಗುರುತು. ಹಿಂದಿನ ನರ ಇನ್ನೂ ಚೆನ್ನಾಗಿದೆ. ಜೊತೆಗೆ ಪ್ಲಸ್ ಪವರ್ ಕೂಡ ಇದೆ.

ಇಂಥ ಕಣ್ಣಿಗೆ ಸಾಮಾನ್ಯವಾಗಿ ಮಾಡುವುದು ಲೇಸರ್. ಬಣ್ಣದ ಪರದೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ನೀರಿಗೆ ಇನ್ನೊಂದು ದಾರಿ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ, ಅವತ್ತೇ ಮನೆಗೆ. ಆಮೇಲೆ ಇವರ ರಾತ್ರಿಯ ನೋವು, ಬಣ್ಣದ ಉಂಗುರ ನಿಲ್ಲುತ್ತವೆ. ಪಾಠದ ನಂತರದ ಭಾರ ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಅದಕ್ಕೆ ಕಾರಣ ಚಾಳೀಸು. ಕಂಪ್ಯೂಟರ್ ದೂರಕ್ಕೆ ಹೊಂದುವ ಕನ್ನಡಕ ಬಂದ ಮೇಲೆ ಅದೂ ಇಳಿಯುತ್ತದೆ. ಉರಿಗೆ ತೇವದ ಡ್ರಾಪ್ಸ್. ಹೀಗೆ ಒಂದು ಕಾರಣ ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದು ಬಿಡಬಾರದು. ಇಷ್ಟಾದರೂ ಅವರು ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಲೇಸರ್ ಆದ ಮೇಲೂ ಕೆಲವರಲ್ಲಿ ಪ್ರೆಶರ್ ಏರುವುದುಂಟು. ಅವರ ಅಕ್ಕತಂಗಿಯರೂ ಒಮ್ಮೆ ಮೂಲೆ ನೋಡಿಸಿಕೊಳ್ಳುವುದು ಒಳ್ಳೆಯದು, ಕಣ್ಣಿನ ಈ ಆಕಾರ ಮನೆತನದಲ್ಲಿ ಬರುತ್ತದೆ.

ಮೈಗ್ರೇನ್ ಅಲ್ಲವೇ ಇದು?

ನಿಮ್ಮಲ್ಲಿ ಅನೇಕರು ಇದನ್ನು ಕೇಳಿಯೇ ಕೇಳುತ್ತೀರಿ. ಒಂದು ಕಡೆ ನೋವು, ವಾಕರಿಕೆ, ಮಲಗಿದರೆ ಆರಾಮ. ಎರಡೂ ಒಂದೇ ಥರ ಕಾಣುವುದು ನಿಜ. ಒಂದು ಸುಳಿವು ಗಮನಿಸಿ. ಮೈಗ್ರೇನ್ ಇದ್ದವರು ಕತ್ತಲ ಕೋಣೆ ಹುಡುಕಿಕೊಂಡು ಹೋಗುತ್ತಾರೆ, ಅಲ್ಲಿ ನೆಮ್ಮದಿ. ಮೂಲೆ ಮುಚ್ಚುವವರಿಗೆ ನೋವು ಶುರುವಾಗುವುದೇ ಕತ್ತಲಲ್ಲಿ. ಮೈಗ್ರೇನ್‌ನಲ್ಲಿ ಮಿಂಚುವ ಅಂಕುಡೊಂಕು ಗೆರೆಗಳು ಕಣ್ಣು ಮುಚ್ಚಿದರೂ ಕಾಣಬಹುದು. ಪ್ರೆಶರಿನ ಉಂಗುರ ಕಾಣಲು ಎದುರಿಗೆ ದೀಪ ಇರಲೇಬೇಕು. ಕಣ್ಣಿನ ಪೊರೆ ಬಂದವರಿಗೂ ದೀಪದ ಸುತ್ತ ಪ್ರಭೆ ಕಾಣುತ್ತದೆ, ಆದರೆ ಅದು ಪ್ರತಿ ರಾತ್ರಿ ಇರುತ್ತದೆ, ನೋವಿರುವುದಿಲ್ಲ. ಇವೆಲ್ಲ ಸುಳಿವು ಮಾತ್ರ, ತೀರ್ಮಾನ ವೈದ್ಯರದು.

ಇನ್ನು ಔಷಧಿಯ ವಿಷಯ. ನೆಗಡಿಗೆ, ಪ್ರಯಾಣದ ವಾಂತಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಪಾಪೆಯನ್ನು ಹಿಗ್ಗಿಸುತ್ತವೆ. ಮೂಲೆ ಕಿರಿದು ಎಂದು ಗೊತ್ತಿದ್ದರೆ ಕೇಳದೆ ನುಂಗಬೇಡಿ. ಮೈಗ್ರೇನ್‌ಗೆ ಕೊಡುವ ಟೋಪಿರಮೇಟ್ ಶುರು ಮಾಡಿದ ಮೊದಲ ವಾರಗಳಲ್ಲಿ ದೂರದ ನೋಟ ಇದ್ದಕ್ಕಿದ್ದಂತೆ ಮಸುಕಾದರೆ, ಕಣ್ಣು ನೋವಾದರೆ ಅವತ್ತೇ ವೈದ್ಯರಿಗೆ ತಿಳಿಸಿ. ಎಲ್ಲಕ್ಕಿಂತ ಮುಖ್ಯ, ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ನೀವಾಗಿಯೇ ಡ್ರಾಪ್ಸ್ ತರಬೇಡಿ. ಲೇಬಲ್ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಾಕಿದ ದಿನ ಕಣ್ಣು ತಂಪು, ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ನೋವೇ ಇಲ್ಲದೆ ಪ್ರೆಶರ್ ಏರುತ್ತದೆ.

ವೈದ್ಯರ ಬಳಿ ಹೋದಾಗ

ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿದರೆ ಕಣ್ಣು ತೋರಿಸಿದ ಹಾಗಲ್ಲ. ಅಲ್ಲಿ ಸಿಗುವುದು ನಂಬರು ಮಾತ್ರ. 40 ದಾಟಿದ ಮೇಲೆ ಎರಡು ವರ್ಷಕ್ಕೊಮ್ಮೆಯಾದರೂ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ವರ್ಷಕ್ಕೊಮ್ಮೆ ಕಣ್ಣಿನ ವೈದ್ಯರನ್ನೇ ಕಾಣಿ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಗಳಲ್ಲೂ ಗ್ಲಾಕೋಮಾ ತಪಾಸಣೆ ಇದೆ. ನಂಬರು, ಪ್ರೆಶರ್, ಮೂಲೆ, ಹಿಂದಿನ ನರ ಈ ನಾಲ್ಕನ್ನೂ ನೋಡಿದ್ದಾರೆಯೇ ಎಂದು ಧೈರ್ಯವಾಗಿ ಕೇಳಿ. ನರ ನೋಡಲು ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಬಣ್ಣದ ಉಂಗುರ ಕಾಣುವ ಸಂಗತಿಯನ್ನು ಅದಕ್ಕೂ ಮೊದಲೇ ಹೇಳಿಬಿಡಿ, ಅವರು ಮೂಲೆ ನೋಡಿಯೇ ಮುಂದುವರಿಯುತ್ತಾರೆ. ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಕಾಣುವುದಿಲ್ಲ, ಅವತ್ತು ಸ್ಕೂಟಿ ಬೇಡ, ಆಟೋದಲ್ಲಿ ಹೋಗಿಬನ್ನಿ.

ಹೋಗುವ ಮುನ್ನ ಒಂದು ವಾರ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ: ನೋವು ಎಷ್ಟು ಗಂಟೆಗೆ ಬಂತು, ಯಾವ ಕಡೆ, ದೀಪ ಹಾಕಿತ್ತೋ ಆರಿತ್ತೋ, ಏನು ಮಾಡಿದಾಗ ಹೋಯಿತು. ವೈದ್ಯರಿಗೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಇವು ನೆನಪಿರಲಿ

* ಮಿಟುಕಿಸಿದರೆ ಮಂಜು ಹೋಗುತ್ತದೆ, ಉರಿ ಇದೆ: ಒಣಗಿದ, ದಣಿದ ಕಣ್ಣು. ಎರಡು ವಾರ ಮನೆಯಲ್ಲೇ ಆರೈಕೆ ಮಾಡಿ ನೋಡಿ.
* ದೂರ ಹಿಡಿದರೆ ಅಥವಾ ಪಿನ್ನಿನ ತೂತಿನಲ್ಲಿ ನೋಡಿದರೆ ಸ್ಪಷ್ಟ: ಕನ್ನಡಕದ ಕಾಲ ಬಂದಿದೆ.
* ಕತ್ತಲಲ್ಲಿ ಬಂದು ನಿದ್ದೆಯಲ್ಲಿ ಹೋಗುವ ನೋವು, ದೀಪದ ಸುತ್ತ ಬಣ್ಣದ ಉಂಗುರ: ಅದೇ ವಾರ ಕಣ್ಣಿನ ವೈದ್ಯರಲ್ಲಿ ಮೂಲೆ ನೋಡಿಸಿ. ಅಲ್ಲಿಯವರೆಗೆ ದೀಪ ಆರಿಸಿ ಫೋನ್ ನೋಡಬೇಡಿ.
* ಕಣ್ಣು ಕೆಂಪು, ತಡೆಯಲಾರದ ನೋವು, ವಾಂತಿ, ನೋಟ ತೀರಾ ಮಂಜು: ಪ್ರೆಶರ್ 40, 50 ದಾಟಿರಬಹುದು. ಪಿತ್ತ ಅಂತ ಮಲಗಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. ಮನೆಯವರನ್ನು ಎಬ್ಬಿಸಿ, ಅದೇ ರಾತ್ರಿ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೋಗಿ.